ಮಳೆಗಾಲಕ್ಕೆ ಮುನ್ನ ಮನೆಯ ತಾರಸಿ

ಮಳೆಗಾಲವನ್ನು ಜೂನ್ ತಿಂಗಳಿನಿಂದ ಎಣಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಮೈಸೂರು ನಗರದಲ್ಲಿ ಜೂನ್‌ಗಿಂತ ಮೇ ತಿಂಗಳ ಮಳೆಯೇ ಹೆಚ್ಚು. ಆದಕಾರಣ ಮನೆಯ ಸಿದ್ಧತೆಯು ಮಾರ್ಚ್ ತಿಂಗಳಿನಲ್ಲಿಯೇ ಮೊದಲಾಗತಕ್ಕದ್ದು. ಯಾವ ಕೆಲಸವು ಒಣಗುವುದಕ್ಕೆ ಹೆಚ್ಚು ದಿನಗಳನ್ನು ಬೇಡುವುದೋ ಅದನ್ನು ಮೊದಲು ಹಿಡಿಯಬೇಕು. ಹಳೆಯ ಬಡಾವಣೆಗಳ ಮನೆಗಳಲ್ಲಿ ಅದು ಮದ್ರಾಸು ತಾರಸಿ.

ಈ ತಾರಸಿಯಲ್ಲಿ ಮರದ ಜಂತೆಗಳ ಮೇಲೆ ಇಟ್ಟಿಗೆಗಳನ್ನು ನಿಲ್ಲಿಸಿ ಗಾರೆಯಲ್ಲಿ ಕೂಡಿಸಿ, ಮೇಲೆ ಸುಣ್ಣ ಬೆರೆಸಿದ ಇಟ್ಟಿಗೆ ಜಲ್ಲಿಯನ್ನು ಹಾಕಿ ಬಡಿದಿರುತ್ತಾರೆ. ಆ ಜಲ್ಲಿಯ ಪದರವು ನೀರನ್ನು ಹೀರಿ ಪಕ್ಕಕ್ಕೆ ಸಾಗಿಸುತ್ತದೆ. ಆದುದರಿಂದ ಕೋಣೆಯಲ್ಲಿ ನೀರು ತೊಟ್ಟಿಕ್ಕುವ ಸ್ಥಳಕ್ಕೆ ನೇರವಾಗಿ ಮೇಲೆ ತೇಪೆ ಹಾಕಿಸಿದರೆ ಹಣ ವ್ಯರ್ಥವಾಗುವುದೇ ಹೆಚ್ಚು.

30 ಅಡಿ ಉದ್ದ, 20 ಅಡಿ ಅಗಲದ ಒಂದು ತಾರಸಿಯನ್ನು ಭಾವಿಸೋಣ. ನಡುಕೋಣೆ ಸೋರುತ್ತಿದೆ. ತಗ್ಗಿನ ಅಂಚಿನಿಂದ, ಎಂದರೆ ಹರನಾಳದ ಕಡೆಯಿಂದ, ನಾಲ್ಕು ನಾಲ್ಕು ಅಡಿಯ ಪಟ್ಟಿಯಂತೆ ಕೊಡಗಳಲ್ಲಿ ನೀರು ಸುರಿಯುತ್ತ ಮೇಲಕ್ಕೆ ಹೋಗಬೇಕು. ಒಂದೊಂದು ಪಟ್ಟಿಗೂ ಅರ್ಧ ಗಂಟೆ ಕಾಯಬೇಕು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲೆಡೆಯೂ ಹರಿದು, ದೋಷವಿರುವ ಪಟ್ಟಿ ಯಾವುದೆಂದು ತಿಳಿಯದು. ಎರಡನೆಯ ಪಟ್ಟಿಯಲ್ಲಿ ಕೋಣೆಯ ಕಲೆ ಒದ್ದೆಯಾಯಿತೆನ್ನಿ. ಆ ಪಟ್ಟಿಯಲ್ಲಿ ಕೈಪಿಡಿಗೋಡೆಯ ಬುಡವನ್ನು ಮೊದಲು ನೋಡುವುದು ಯುಕ್ತ. ಗೋಡೆಯೂ ತಾರಸಿಯೂ ಬಿಸಿಲಿಗೆ ಬೇರೆಬೇರೆಯಾಗಿ ಹಿಗ್ಗುವುದರಿಂದ ಬಿರುಕು ಅಲ್ಲಿಯೇ ಬಾಯಿ ಬಿಡುತ್ತದೆ.

ಬಿರುಕನ್ನು ಕೊಂಚ ಅಗಲಿಸಿ, ಧೂಳನ್ನು ತೆಗೆದು, ನೆನೆಯಿಸಿ, ಸುಣ್ಣ ಮತ್ತು ಸುರ್ಕಿಯ ಗಾರೆಯನ್ನು ಒತ್ತಿ ತುಂಬಿಸಬೇಕು. ಮೂಲೆಯನ್ನು ಇಳಿಜಾರಾಗಿ ತೀಡಿಸಬೇಕು. ಬಳಿಕ ಒದ್ದೆ ಗೋಣಿಯನ್ನು ಒಂದು ವಾರವಾದರೂ ಹೊದಿಸಿರಬೇಕು. ಗಾರೆಯವನು ಸಿಮೆಂಟನ್ನೇ ಬಳಸೋಣವೆಂದರೆ ಒಪ್ಪದಿರುವುದು ಲೇಸು. ಅದು ಸುಣ್ಣದ ತಾರಸಿಗಿಂತ ಬಿರುಸಾದುದರಿಂದ ತೇಪೆಯ ಅಂಚು ಮತ್ತೆ ಬಿಟ್ಟುಕೊಳ್ಳುತ್ತದೆ. ಈಗಿನ ನೀರುತಡೆ ಬಣ್ಣಗಳನ್ನು ಹಚ್ಚುವವರು ತಾರಸಿ ಪೂರ್ಣವಾಗಿ ಒಣಗುವವರೆಗೂ ಕಾಯಬೇಕು. ಒಳಗೆ ತೇವವುಳಿದರೆ ಬಣ್ಣ ಬೊಬ್ಬೆಯೇಳುವುದು. ಮೇ ತಿಂಗಳಿನಲ್ಲಿ ಅಷ್ಟು ಬಿಡುವು ಎಲ್ಲಿ?

ಏಪ್ರಿಲ್ ಕೊನೆಗೆ ಹರನಾಳ ಮತ್ತು ಚರಂಡಿಗಳ ಸರದಿ. ಮೇಲೆ ಹೇಳಿದ ತಾರಸಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 50 ಘನ ಅಡಿ, ಎಂದರೆ ಸುಮಾರು 1,400 ಲೀಟರು ನೀರು. ಎರಡು ಹರನಾಳಗಳಲ್ಲಿ ಒಂದು ತರಗೆಲೆಯಿಂದ ಕಟ್ಟಿದರೆ ಆ ನೀರು ಗೋಡೆಯ ಬುಡದಲ್ಲಿ ನಿಂತು, ಹೊಸ ಗಾರೆಯನ್ನೇ ಪರೀಕ್ಷಿಸುತ್ತದೆ. ಬೇಗನೆ ಎಲೆ ತೆಗೆದರೆ ಮತ್ತೆ ತುಂಬಿಕೊಳ್ಳುವುದು. ಈ ಕೆಲಸ ಮಾತ್ರ ತಡವಾದಷ್ಟೂ ಒಳ್ಳೆಯದು. ಮುಗಿದೊಡನೆ ಎರಡು ಕೊಡ ನೀರು ಹೊಯ್ದು, ಅದು ಅಂಗಳದ ಮೋರಿಯನ್ನು ದಾಟಿ ಬೀದಿಯ ಚರಂಡಿಯನ್ನು ಸೇರುವುದನ್ನು ಕಣ್ಣಾರೆ ನೋಡಬೇಕು.

ಅದೇ ವಾರ ಪೆಟ್ಟಿಗೆಗಳನ್ನು ತೆರೆಯಬಹುದು. ಹತ್ತಿಬಟ್ಟೆಗೆ ಬಿಸಿಲು, ರೇಷ್ಮೆಗೂ ಪುಸ್ತಕಕ್ಕೂ ನೆರಳಿನ ಗಾಳಿ. ಬಿಸಿಲಿನಲ್ಲಿ ಕಾದ ಬಟ್ಟೆಯನ್ನು ಒಳಗೆ ಹರವಿ ಆರಿಸಿಯೇ ಮಡಿಸಬೇಕು. ಪೆಟ್ಟಿಗೆಗಳನ್ನು ಇಟ್ಟಿಗೆಗಳ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಇಟ್ಟರೆ ಹಿಂದಿನ ಗೋಡೆ ಬೆವರುವುದೂ ಕಣ್ಣಿಗೆ ಬೀಳುತ್ತದೆ.