ಹಸುಗೂಸಿನ ಬಾಟಲಿ, ಡಯಾಪರ್: ಕೊಳ್ಳುವ ಮುನ್ನ ಓದಬೇಕಾದದ್ದು

ಭಾರತದಲ್ಲಿ ಹಾಲೂಡಿಸುವ ಬಾಟಲಿಯನ್ನು ಐಎಸ್‌ಐ ಗುರುತಿಲ್ಲದೆ ಮಾರುವಂತಿಲ್ಲ. ಶಿಶು ಆಹಾರಕ್ಕೆ ಸಂಬಂಧಿಸಿದ 1992ರ ಕಾಯ್ದೆ ಇದನ್ನು ಕಡ್ಡಾಯ ಮಾಡಿದೆ. ಪ್ಲಾಸ್ಟಿಕ್ ಬಾಟಲಿಯ ಮಾನಕದ ಸಂಖ್ಯೆ ಐಎಸ್ 14625. ಪೆಟ್ಟಿಗೆಯ ಮೇಲೆ ಮೊದಲು ಹುಡುಕಬೇಕಾದದ್ದು ಇದನ್ನೇ.

ಎರಡನೆಯದು ಬಾಟಲಿಯ ತಳದಲ್ಲಿರುವ ತ್ರಿಕೋನದೊಳಗಿನ ಅಂಕಿ. 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ತುಸು ಮಬ್ಬಾಗಿ ಕಾಣುವ ಈ ಪ್ಲಾಸ್ಟಿಕ್ಕಿನಲ್ಲಿ ಬಿಪಿಎ ಎಂಬ ರಾಸಾಯನಿಕ ಬಳಕೆಯಾಗುವುದಿಲ್ಲ. 7 ಎಂದರೆ ‘ಇತರೆ’ ಎಂದಷ್ಟೇ ಅರ್ಥ. ಬಿಪಿಎಯಿಂದ ತಯಾರಾಗುವ ಪಾಲಿಕಾರ್ಬೊನೇಟ್ ಈ ಗುಂಪಿನಲ್ಲಿದೆ, ಬಿಪಿಎ ಬಿಡದ ಜೇನುಬಣ್ಣದ ಪಿಪಿಎಸ್‌ಯು ಕೂಡ ಇದರಲ್ಲೇ ಇದೆ. ಆದ್ದರಿಂದ 7 ಕಂಡಾಗ ಪ್ಲಾಸ್ಟಿಕ್ಕಿನ ಹೆಸರನ್ನೂ ಓದಬೇಕು. ಹೆಸರೇ ಇಲ್ಲದಿದ್ದರೆ ಕೊಳ್ಳಬಾರದು. ಗೀರು ಬಿದ್ದ ಬಾಟಲಿ ಎಷ್ಟೇ ಒಳ್ಳೆಯದಾದರೂ ಬದಲಿಸಬೇಕು, ಏಕೆಂದರೆ ಗೀರುಗಳಲ್ಲಿ ಕೂತ ಹಾಲಿನ ಜಿಡ್ಡು ಬ್ರಷ್ಷಿಗೆ ಸಿಗುವುದಿಲ್ಲ.

ನಿಪ್ಪಲ್ ಮೇಲಿನ ‘0+’, ‘3+’ ಗುರುತುಗಳು ವಯಸ್ಸಿನ ತಿಂಗಳನ್ನು ಹೇಳುತ್ತವೆ. ನಿಜವಾಗಿ ಅವು ಸೂಚಿಸುವುದು ಹಾಲು ಹರಿಯುವ ವೇಗವನ್ನು. ಈ ವೇಗ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಕೊನೆಗೆ ನೋಡಬೇಕಾದದ್ದು ಮಗುವನ್ನೇ. ಹಾಲು ಬಾಯಂಚಿನಿಂದ ಸೋರಿದರೆ, ಮಗು ಕೆಮ್ಮಿದರೆ ಹರಿವು ಜಾಸ್ತಿಯಾಗಿದೆ. ಬಹಳ ಹೊತ್ತು ಚೀಪಿ ಸುಸ್ತಾದರೆ, ನಿಪ್ಪಲ್ ಒಳಕ್ಕೆ ಅಪ್ಪಚ್ಚಿಯಾದರೆ ಹರಿವು ಸಾಲದು. ಆದರೆ ಸೂಜಿಯಿಂದ ತೂತು ದೊಡ್ಡದು ಮಾಡಬಾರದು. ಹಾಲು ನೆತ್ತಿಗೇರುವ ಅಪಾಯವಿದೆ.

ಡಯಾಪರ್ ವಿಷಯದಲ್ಲಿ ವಯಸ್ಸಿಗಿಂತ ತೂಕ ಮುಖ್ಯ. ಉದಾಹರಣೆಗೆ, 2.8 ಕೆ.ಜಿ. ತೂಕದ ಮಗುವಿಗೆ ‘5 ಕೆ.ಜಿ.ವರೆಗೆ’ ಎಂದು ಬರೆದ ನ್ಯೂಬಾರ್ನ್ ಅಳತೆ ಸರಿ. ‘4–8 ಕೆ.ಜಿ.’ ಎಂದಿರುವ ಸ್ಮಾಲ್ ಅಳತೆ ತೊಡೆಯ ಸಂದಿಯಲ್ಲಿ ಸೋರುತ್ತದೆ. ಮಗು 4 ಕೆ.ಜಿ. ದಾಟಿದ ಮೇಲೆ ಎರಡೂ ಹೊಂದಬಹುದು. ಆಗ ತೊಡೆಯಲ್ಲಿ ಪಟ್ಟಿಯ ಕೆಂಪು ಗುರುತು ಉಳಿದರೆ ದೊಡ್ಡ ಅಳತೆಗೆ ಹೋಗಬೇಕು. ಸೊಂಟದ ಬಳಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಹೊಕ್ಕುಳ ಬಳ್ಳಿ ಉದುರುವವರೆಗೆ ಚಡ್ಡಿಯಂಥದ್ದಕ್ಕಿಂತ ಅಂಟುಪಟ್ಟಿಯದ್ದು ಅನುಕೂಲ. ಅದರ ಮುಂಭಾಗವನ್ನು ಹೊಕ್ಕುಳಿಗಿಂತ ಕೆಳಕ್ಕೆ ಮಡಚಬಹುದು.

ಸಾಮಗ್ರಿಗಳ ಪಟ್ಟಿಯಲ್ಲಿ ಸುವಾಸನೆ ಅಥವಾ ಲೋಶನ್ ಇದ್ದರೆ ಎಳೆಯ ಚರ್ಮಕ್ಕೆ ಅಂಥದ್ದು ಬೇಡ. ಮೂತ್ರವನ್ನು ಹೀರಿ ಲೋಳೆಯಾಗಿಸುವ ಪಾಲಿಮರ್ ಪುಡಿ ಹೆಚ್ಚಿನ ಡಯಾಪರ್‌ಗಳ ಒಳಪದರದಲ್ಲಿರುತ್ತದೆ. ಒದ್ದೆಯಾದ ಡಯಾಪರಿನ ಪದರ ಹರಿದು ಆ ಲೋಳೆ ಮೈಗಂಟಿದರೆ ಒರೆಸಿ, ಡಯಾಪರ್ ಬದಲಿಸಬೇಕು. ‘12 ಗಂಟೆ ಒಣ’ ಎಂಬ ಬರಹ ಹೀರುವ ಶಕ್ತಿಯ ಮಾತಷ್ಟೇ. ನವಜಾತ ಶಿಶುವಿಗೆ ಎರಡು–ಮೂರು ಗಂಟೆಗೊಮ್ಮೆ, ಮಲ ಮಾಡಿದರೆ ಆಗಲೇ ಬದಲಿಸಬೇಕು.

ತಾಯಿಯ ಹಾಲು ಸಾಕಾಗುತ್ತಿದ್ದರೆ ಬಾಟಲಿಯೇ ಬೇಕಿಲ್ಲ. ಹಿಂಡಿದ ಹಾಲನ್ನು ಶುಚಿಯಾದ ಒಳಲೆಯಲ್ಲೂ ಕುಡಿಸಬಹುದು. ಐದನೆಯ ದಿನದ ನಂತರ ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಮೂತ್ರ ಹೋದರೆ ಮಗುವನ್ನು ವೈದ್ಯರಿಗೆ ತೋರಿಸಬೇಕು.