ನೇರ ಪ್ರಸಾರದ ವಿಳಂಬ

ಕರಾವಳಿಯ ಒಂದು ಊರಿನಲ್ಲಿ ರಾತ್ರಿ ಹತ್ತು ಗಂಟೆಗೆ ಯಕ್ಷಗಾನ ಆರಂಭವಾಗಿದೆ. ರಂಗಸ್ಥಳದ ಎದುರಿನ ಕ್ಯಾಮೆರಾ ಅದನ್ನು ಯೂಟ್ಯೂಬಿನಲ್ಲಿ ನೇರವಾಗಿ ಪ್ರಸಾರ ಮಾಡುತ್ತಿದೆ. ಬಯಲಿನಲ್ಲಿ ಕುಳಿತವನೊಬ್ಬನು ಮುಂಬಯಿಯಲ್ಲಿರುವ ತಮ್ಮನಿಗೆ ಫೋನು ಮಾಡುತ್ತಾನೆ. ಚೆಂಡೆಯ ಪೆಟ್ಟು ಫೋನಿನಲ್ಲಿ ತಮ್ಮನಿಗೆ ಒಡನೆಯೇ ಕೇಳಿಸುತ್ತದೆ. ಅದೇ ಪೆಟ್ಟು ಅವನ ಮುಂದಿನ ತೆರೆಗೆ ಬರುವುದು ಸುಮಾರು 20 ಸೆಕೆಂಡುಗಳ ಅನಂತರ. ಈ ಅಂತರಕ್ಕೆ ಕಾರಣವೇನು?

ದೂರವು ಕಾರಣವಲ್ಲ. ಗಾಜಿನ ತಂತುವಿನಲ್ಲಿ ಸಾಗುವ ಬೆಳಕಿಗೆ ಮುಂಬಯಿ ತಲಪಲು ಸೆಕೆಂಡಿನ ನೂರನೆಯ ಒಂದಂಶವೂ ಬೇಡ. ತಡವಾಗುವುದು ದಾರಿಯಲ್ಲಲ್ಲ, ತಂಗುದಾಣಗಳಲ್ಲಿ. ಕ್ಯಾಮೆರಾ ಸೆಕೆಂಡಿಗೆ 25 ಅಥವಾ 30 ಚಿತ್ರಗಳನ್ನು ತೆಗೆಯುತ್ತದೆ. ಅವೆಲ್ಲವನ್ನೂ ಇಡಿಯಾಗಿ ಕಳುಹಿಸುವುದು ಭಾರವಾದ್ದರಿಂದ, ಬಹುಮಟ್ಟಿಗೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ಆದ ಬದಲಾವಣೆಯನ್ನಷ್ಟೇ ಆಯ್ದು ಕಳುಹಿಸುತ್ತಾರೆ. ಯೂಟ್ಯೂಬಿನ ಸರ್ವರ್ ಅದನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸುತ್ತದೆ. ಸಾಮಾನ್ಯ ಕ್ರಮದಲ್ಲಿ ಒಂದು ತುಂಡು ಪೂರ್ಣಗೊಂಡ ಮೇಲೆಯೇ ಮುಂದೆ ಹೊರಡುತ್ತದೆ. ನೋಡುವವನ ಯಂತ್ರವೂ ಎರಡು ಮೂರು ತುಂಡುಗಳನ್ನು ಕೂಡಿಟ್ಟುಕೊಂಡೇ ತೋರಿಸಲು ತೊಡಗುತ್ತದೆ. ನಲ್ಲಿ ನಿಂತರೂ ಅಡುಗೆ ನಿಲ್ಲದಿರಲೆಂದು ಹಂಡೆ ತುಂಬಿಡುವಂತೆ ಇದು. ತುಂಡೊಂದಕ್ಕೆ 5 ಸೆಕೆಂಡಾದರೆ ಮೂರು ತುಂಡುಗಳಿಗೆ 15 ಆಯಿತು. ಮಿಕ್ಕ ಕೆಲಸಗಳೂ ಸೇರಿ 20 ಆಗುತ್ತದೆ. ವಿಳಂಬವನ್ನು ತಗ್ಗಿಸಬಹುದು, ಆದರೆ ಹಂಡೆ ಚಿಕ್ಕದಾದಷ್ಟೂ ಚಿತ್ರವು ನಡುನಡುವೆ ನಿಲ್ಲುವುದು ಹೆಚ್ಚು.

ನೋಡುವವನು ಸಹಿಸುವ ಈ ತಡವನ್ನು ಮಾತನಾಡುವವನು ಸಹಿಸಲಾರನು. ಬೇರೆ ಊರಿನಲ್ಲಿರುವ ಹಿರಿಯ ಭಾಗವತರೊಬ್ಬರನ್ನು ತೆರೆಯ ಮೇಲೆ ಕರೆದು ಮಾತನಾಡಿಸಬೇಕಾದರೆ, ಅವರಿಗೊಂದು ಕೊಂಡಿಯನ್ನು ಕಳುಹಿಸಿ ವೀಡಿಯೋ ಕರೆಯ ದಾರಿಯಲ್ಲಿ ಬರಮಾಡಿಕೊಳ್ಳುತ್ತಾರೆ. ಆ ದಾರಿಯಲ್ಲಿ ಕೂಡಿಡುವ ಪದ್ಧತಿ ಇಲ್ಲವೆನ್ನುವಷ್ಟು ಕಡಿಮೆ. ಚಿತ್ರ ಕಳೆದುಹೋದರೆ ಹೋಯಿತು, ಮಾತು ಮಾತ್ರ ಸಾಗುತ್ತದೆ. ಅವರ ಮುಖವನ್ನು ಪ್ರಸಾರಕರ ಚಿತ್ರಕ್ಕೆ ಜೋಡಿಸಿದ ಮೇಲೆ ಎರಡೂ ಒಂದಾಗಿ ನಿಧಾನದ ದಾರಿಗೆ ಇಳಿಯುತ್ತವೆ. ಭಾಗವತರ ಮನೆಯಲ್ಲಿ ಯಾರಾದರೂ ಅದೇ ಪ್ರಸಾರವನ್ನು ಗಟ್ಟಿಯಾಗಿ ಹಾಕಿದ್ದರೆ, ಅವರು ಆಡಿದ ಮಾತೇ 20 ಸೆಕೆಂಡು ಕಳೆದು ಅವರಿಗೆ ಎದುರಾಡುತ್ತದೆ. ಅದನ್ನು ಆರಿಸುವುದೊಂದೇ ಪರಿಹಾರ.

ಪ್ರೇಕ್ಷಕರ ಟಿಪ್ಪಣಿಗಳು ಬೇಗನೆ ಬರುತ್ತವೆ, ಆದರೆ ಬರೆದವನು ನೋಡಿದ್ದು ಹಳೆಯ ಕ್ಷಣವನ್ನು. ಬಲರಾಮನಿಗೆಂದು ಬರೆದ ‘ಭಲೇ’ ಬರುವ ಹೊತ್ತಿಗೆ ರಂಗದಲ್ಲಿ ಕೃಷ್ಣನಿರಬಹುದು. ಬೈಗುಳ ಬಂದರೆ? ನಿಷಿದ್ಧ ಪದಗಳ ಪಟ್ಟಿಯೊಂದನ್ನು ಕೊಟ್ಟಿಟ್ಟರೆ ಅಂತಹ ಟಿಪ್ಪಣಿಗಳು ತಡೆಹಿಡಿಯಲ್ಪಡುತ್ತವೆ. ಆದರೆ ಅದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೋ ನಡುವೆ ಚುಕ್ಕಿಯಿಟ್ಟೋ ಬರೆದರೆ ಪಟ್ಟಿಯ ಕಣ್ಣು ತಪ್ಪುತ್ತದೆ. ಆದುದರಿಂದ ಕನ್ನಡ ಬಲ್ಲ ಒಬ್ಬರು ಎಚ್ಚರವಿದ್ದು ಅಳಿಸುತ್ತಿರಬೇಕು. ಅಷ್ಟರಲ್ಲಿ ಕೆಲವರು ಓದಿಯೂ ಇರುತ್ತಾರೆ.

12 ಗಂಟೆಗಿಂತ ಕಡಿಮೆಯ ಪ್ರಸಾರವನ್ನು ಯೂಟ್ಯೂಬು ತಾನಾಗಿ ಉಳಿಸಿಡಬಲ್ಲದು. ರಾತ್ರಿಯಿಂದ ಬೆಳಗಿನವರೆಗಿನ ಆಟ ಅದರೊಳಗೆ ಮುಗಿಯುತ್ತದೆ. ಒಡೆಯನು ನಿಲ್ಲಿಸದಿದ್ದರೆ ಟಿಪ್ಪಣಿಗಳೂ ತಂತಮ್ಮ ಕ್ಷಣಗಳಲ್ಲಿ ಮತ್ತೆ ಮೂಡುತ್ತವೆ. ಪ್ರಸಾರವು ತೀರ ಉದ್ದವಾಗಿರದಿದ್ದರೆ ಬೇಡವಾದ ಭಾಗವನ್ನು ಮರುದಿನ ಕತ್ತರಿಸಬಹುದು. ರಾತ್ರಿಯೇ ಯಾರಾದರೂ ಪ್ರತಿ ಮಾಡಿಕೊಂಡಿದ್ದರೆ ಅದಕ್ಕೆ ಈ ಕತ್ತರಿ ತಗಲದು.