ಫೋನು ಹೊಡೆದುಕೊಂಡದ್ದೆಲ್ಲ ತುರ್ತಲ್ಲ

ಮೂಡಿಗೆರೆ ತಾಲ್ಲೂಕಿನ ದೇವರಮನೆ ಬೆಟ್ಟದ ತಪ್ಪಲು. ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಅಲ್ಲಿನ ಕಾಫಿ ಎಸ್ಟೇಟಿನ ಆಫೀಸಿಗೆ ಈಗಷ್ಟೇ ಸೇರಿದ್ದಾಳೆ ಎಂದಿಟ್ಟುಕೊಳ್ಳಿ. ಫೆಬ್ರವರಿ 10, ಸೋಮವಾರ. ರೊಬಸ್ಟಾ ಕೊಯ್ಲು ಮುಗಿದಿಲ್ಲ, ಕಣದ ತುಂಬ ಹಣ್ಣು ಹರಡಿದೆ. ಅವಳ ಡೈರಿಯಲ್ಲಿ ಕೆಲಸಗಳು ಬಂದ ಕ್ರಮದಲ್ಲೇ ಬಿದ್ದಿವೆ: ಸಾಹುಕಾರರಿಗೆ ಹಳೆಯ ಗೊಬ್ಬರದ ಬಿಲ್ಲಿನ ಫೋಟೊ ಕಳಿಸುವುದು, ಕೊಯ್ಲಿನ ತೂಕದ ಚೀಟಿಗಳನ್ನು ಚೆಕ್‌ರೋಲಿಗೆ ತಾಳೆ ನೋಡುವುದು, ಪಿ.ಎಫ್. ಕಟ್ಟುವುದು, ಸ್ಪ್ರಿಂಕ್ಲರ್ ಪಂಪು ಮತ್ತು ಪೈಪು ನೋಡಿಸುವುದು, ವ್ಯಾಪಾರಿಗೆ ವಾಪಸ್ ಫೋನ್ ಮಾಡುವುದು, ಹಳೆಯ ವೋಚರುಗಳನ್ನು ಜೋಡಿಸುವುದು. ಇದರ ನಡುವೆ ದೇವರಮನೆಗೆ ದಾರಿ ಕೇಳುವ ಪ್ರವಾಸಿಗರ ಫೋನು ಬೇರೆ.

ಇಂಥ ಪಟ್ಟಿಯನ್ನು ತುರ್ತು ಯಾವುದು, ಮುಖ್ಯ ಯಾವುದು ಎಂದು ಬೇರೆ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಮಾಡಲು ಕೂತಾಗ ಕೆಲವು ನಂಬಿಕೆಗಳು ಅಡ್ಡ ಬರುತ್ತವೆ.

“ಜೋರಾಗಿ ಕೇಳಿದವರ ಕೆಲಸವೇ ತುರ್ತು”

ಸಾಹುಕಾರರು ಬೆಳಿಗ್ಗೆಯೇ ಫೋನ್ ಮಾಡಿ, “ಏನಮ್ಮಾ, ಆ ಬಿಲ್ಲು ಕಳ್ಸಿದ್ಯಾ?” ಎಂದರೆ ಹೊಸಬಳ ಕೈ ತಾನಾಗಿ ಕಪಾಟಿನ ಕಡೆ ಹೋಗುತ್ತದೆ. ಆದರೆ ತುರ್ತು ಎನ್ನುವುದು ಕೇಳಿದವರ ದನಿಯಲ್ಲಿಲ್ಲ, ಗಡಿಯಾರದಲ್ಲಿದೆ: ಯಾವ ಗಂಟೆ ದಾಟಿದರೆ ಆ ಕೆಲಸಕ್ಕೆ ಬೆಲೆಯಿಲ್ಲ? ಮುಖ್ಯ ಎನ್ನುವುದು ಬೇರೆಯೇ ಪ್ರಶ್ನೆ: ಮಾಡದಿದ್ದರೆ ಏನು ಹೋಗುತ್ತದೆ, ಯಾರದು ಹೋಗುತ್ತದೆ, ಹೋದದ್ದು ಮತ್ತೆ ಸಿಗುತ್ತದೆಯೇ?

ಆದ್ದರಿಂದ ಪಟ್ಟಿಯ ಪಕ್ಕದಲ್ಲಿ ಎರಡು ಗೆರೆ ಎಳೆಯಬೇಕು. ಒಂದು ಕಡೆ “ಕೊನೆಯ ಗಂಟೆ”, ಇನ್ನೊಂದು ಕಡೆ “ಬಿಟ್ಟರೆ ನಷ್ಟ”. “ಅರ್ಜೆಂಟ್” ಎಂದು ಕೆಂಪು ಶಾಯಿಯಲ್ಲಿ ಬರೆದರೆ ಪ್ರಯೋಜನವಿಲ್ಲ. ದಿನಾಂಕ, ಗಂಟೆ ಬರೆಯಬೇಕು. ಗೊತ್ತಿಲ್ಲದಿದ್ದರೆ ಕೇಳಬೇಕು. “ಸರ್, ಬಿಲ್ಲು ಎಷ್ಟು ಗಂಟೆಗೆ ಬೇಕಿತ್ತು?” ಎಂದರೆ, “ಸಾಯಂಕಾಲದೊಳಗೆ ಬಂದ್ರೆ ಸಾಕು” ಎಂಬ ಉತ್ತರ ಬರುವುದು ಅಪರೂಪವೇನಲ್ಲ. ಅಷ್ಟಕ್ಕೇ ಬೆಳಗಿನ ಹೊತ್ತು ಕೈಗೆ ಉಳಿಯುತ್ತದೆ.

ಆ ಹೊತ್ತು ಸಲ್ಲಬೇಕಾದದ್ದು ಚೆಕ್‌ರೋಲಿಗೆ. ನಾಳೆ ಬಟವಾಡೆ ಇದೆ. ಬ್ಯಾಂಕಿನಿಂದ ದುಡ್ಡು ತರಲು ಜೀಪು ಹೊರಡಬೇಕಾದರೆ ಇವತ್ತು ಮಧ್ಯಾಹ್ನದೊಳಗೆ ಒಟ್ಟು ಮೊತ್ತ ಗೊತ್ತಾಗಬೇಕು. ಕೆ.ಜಿ. ಲೆಕ್ಕದಲ್ಲಿ ಕೂಲಿ ಪಡೆಯುವ ಕೊಯ್ಲಿನವರ ಒಂದು ಚೀಟಿ ಬೇರೆ ಹೆಸರಿಗೆ ಹತ್ತಿದರೆ ಒಬ್ಬರ ಸಂತೆ ಖರ್ಚಿಗೇ ಕತ್ತರಿ. ಆದರೂ ಈ ಕೆಲಸಕ್ಕಾಗಿ ಯಾರೂ ಫೋನ್ ಮಾಡುವುದಿಲ್ಲ. ಎಲ್ಲರೂ ಅದು ಆಗಿಯೇ ಆಗುತ್ತದೆ ಎಂದುಕೊಂಡಿರುತ್ತಾರೆ.

ಅವಸರದ ಕಡೆ ವಾಲುವುದು ಹೊಸಬರ ದೌರ್ಬಲ್ಯ ಮಾತ್ರವಲ್ಲ. ಮೆಂಗ್ ಝು, ಯಾಂಗ್ ಯಾಂಗ್, ಕ್ರಿಸ್ಟೋಫರ್ ಸೀ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬೇಗ ಮುಗಿದುಹೋಗುವ ಗಡುವು ಕಂಡರೆ ಸಾಕು, ಕಡಿಮೆ ಪ್ರತಿಫಲದ ಕೆಲಸವನ್ನೂ ಜನ ಆರಿಸಿಕೊಳ್ಳುತ್ತಿದ್ದರು. ತಮಗೆ ಬಿಡುವೇ ಇಲ್ಲ ಎಂದುಕೊಂಡವರಲ್ಲಿ ಈ ವಾಲುವಿಕೆ ಹೆಚ್ಚು. ಆರಿಸುವ ಹೊತ್ತಿಗೆ ಪ್ರತಿಫಲ ಕಣ್ಣೆದುರು ಬಂದರೆ ಅದು ತಗ್ಗುತ್ತಿತ್ತು. “ಬಿಟ್ಟರೆ ನಷ್ಟ” ಎಂದು ಬರೆದಿಡಿ ಅನ್ನುವುದು ಇದಕ್ಕೇ.

“ಮುಖ್ಯ, ಆದರೆ ತುರ್ತಲ್ಲ, ಪುರಸೊತ್ತಾದಾಗ ನೋಡೋಣ”

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು ಇದು. ಸ್ಪ್ರಿಂಕ್ಲರನ್ನೇ ನೋಡಿ. ರೊಬಸ್ಟಾ ಮೊಗ್ಗು ಅರಳಲು ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನ ಹೊತ್ತಿಗೆ ನೀರು ಬೇಕು. ಹೂ ಮಳೆ ಬಾರದಿದ್ದರೆ ಕೆರೆಯ ನೀರನ್ನೇ ಹಾರಿಸಬೇಕು. ಸಮಯ ತಪ್ಪಿದರೆ ಮೊಗ್ಗು ಒಣಗುತ್ತದೆ, ಮುಂದಿನ ವರ್ಷದ ಫಸಲಿಗೇ ಪೆಟ್ಟು. 10ನೇ ತಾರೀಖು ನೋಡಿದರೆ ಇನ್ನೂ ಎರಡು ವಾರ ಇದೆ ಅನ್ನಿಸುತ್ತದೆ.

ಈಗ ಹಿಂದಕ್ಕೆ ಎಣಿಸೋಣ. 25ಕ್ಕೆ ನೀರು ಬಿಡಬೇಕು. ಪಂಪು ಓಡಿಸಿ ನೋಡಿ, ಕೆಟ್ಟಿದ್ದರೆ ರಿಪೇರಿ ಮಾಡಿಸಲು ಐದು ದಿನ ಇಟ್ಟುಕೊಂಡರೆ 20ಕ್ಕೆ ಪಂಪು ಶುರುವಾಗಬೇಕು. ಅಷ್ಟರಲ್ಲಿ ಪೈಪಿನ ಜಾಯಿಂಟುಗಳ ರಬ್ಬರ್ ವಾಷರ್, ಒಡೆದ ನಾಝಲ್, ಡೀಸೆಲ್ ಎಲ್ಲ ಬಂದಿರಬೇಕು. ಅಂದರೆ 17ಕ್ಕೆ ಖರೀದಿ. ಖರೀದಿಗೆ ಮುಂಚೆ ಶೆಡ್ಡಿನಲ್ಲಿ ಪೈಪು ಎಣಿಸಿ, ಏನೇನು ಬೇಕೆಂದು ರೈಟರ ಹತ್ತಿರ ಚೀಟಿ ಬರೆಸಬೇಕು. ಅದಕ್ಕೆ ಕೊನೆಯ ದಿನ 12. ಇಡೀ ಕೆಲಸಕ್ಕೆ 15 ದಿನ ಇದ್ದರೂ ಅದರ ಮೊದಲ ಹೆಜ್ಜೆಗೆ ಇರುವುದು ಎರಡೇ ದಿನ. ಡೈರಿಯಲ್ಲಿ “ಸ್ಪ್ರಿಂಕ್ಲರ್” ಎಂದು ಬರೆದರೆ ಅದು ಅಲ್ಲೇ ಕೂತಿರುತ್ತದೆ. “ಬುಧವಾರದೊಳಗೆ ಪೈಪು ಎಣಿಸಿ ಚೀಟಿ” ಎಂದು ಬರೆದರೆ ಜರುಗುತ್ತದೆ. ತಡಮಾಡಿದರೆ ಏನಾಗುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ: ನೀರು ಹಾರಿಸುವ ಹಂಗಾಮಿನಲ್ಲಿ ಎಲ್ಲ ತೋಟದವರೂ ಅದೇ ಮೆಕ್ಯಾನಿಕ್‌ಗೆ ಕಾಯುತ್ತಿರುತ್ತಾರೆ.

ಪಿ.ಎಫ್. ಕತೆಯೂ ಹೀಗೇ. ಹಿಂದಿನ ತಿಂಗಳ ಹಣ ಕಟ್ಟಲು ಕೊನೆಯ ದಿನ 15, ತಪ್ಪಿದರೆ ಬಡ್ಡಿ ಮತ್ತು ದಂಡ. ಆದರೆ ಬೆಟ್ಟದ ಮೇಲೆ 15 ಎಂದರೆ 15 ಅಲ್ಲ. ಕರೆಂಟು ಹೋದರೆ ನೆಟ್‌ವರ್ಕೂ ಹೋಗುವ ಊರಿನಲ್ಲಿ ಚಲನ್ ತೆಗೆಯಲು 12ನ್ನೇ ಕೊನೆಯ ದಿನ ಎಂದು ಬರೆದುಕೊಳ್ಳುವುದು ಕ್ಷೇಮ.

“ಸಣ್ಣಪುಟ್ಟದ್ದು ಮೊದಲು ಮುಗಿಸಿದರೆ ತಲೆ ಹಗುರ”

ಐದು ನಿಮಿಷದ ಕೆಲಸ ಹತ್ತು ಸೇರಿದರೆ ತಾಳೆ ನೋಡುವ ಬೆಳಗಿನ ಹೊತ್ತೇ ಮುಗಿದುಹೋಗುತ್ತದೆ. ಸಣ್ಣ ಕೆಲಸಗಳನ್ನು ಒಂದೇ ಹೊತ್ತಿಗೆ ಗುಡ್ಡೆ ಹಾಕಬೇಕು: ಊಟವಾದ ಮೇಲೆ ಬಿಲ್ಲಿನ ಫೋಟೊ, ವ್ಯಾಪಾರಿಯ ಫೋನು. ಪ್ರವಾಸಿಗರಿಗೆ ದಾರಿ ಹೇಳುವ ಸಂದೇಶವನ್ನು ಒಮ್ಮೆ ಬರೆದಿಟ್ಟುಕೊಂಡರೆ ಸಾಕು. ವೋಚರು ಜೋಡಿಸುವುದು ಆಡಿಟ್ ಹತ್ತಿರವಿಲ್ಲದಿದ್ದರೆ ಕೊಯ್ಲು ಮುಗಿದ ಮೇಲೆ.

“ಮುಖ್ಯವಲ್ಲದ್ದನ್ನು ಬೇರೆಯವರಿಗೆ ವಹಿಸಿ”

ತುರ್ತು, ಮುಖ್ಯ ಎಂದು ಕೆಲಸ ವಿಂಗಡಿಸುವ ನಾಲ್ಕು ಚೌಕದ ಪಟ್ಟಿಯಲ್ಲಿ ಹೀಗೊಂದು ಸಲಹೆ ಇರುತ್ತದೆ. ಆ ಚೌಕಗಳನ್ನು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಬರೆದರೆಂಬ ಮಾತೂ ಇದೆ. ಅವರು 1954ರ ಆಗಸ್ಟಿನಲ್ಲಿ ಇಲಿನಾಯ್‌ನ ಇವಾನ್‌ಸ್ಟನ್‌ನಲ್ಲಿ ಮಾತಾಡುತ್ತ ತುರ್ತು ಮತ್ತು ಮುಖ್ಯದ ವ್ಯತ್ಯಾಸವನ್ನು ಹೇಳಿದ್ದು ನಿಜ, ಅದೂ ಹಿಂದೆ ಕಾಲೇಜಿನ ಅಧ್ಯಕ್ಷರಾಗಿದ್ದವರೊಬ್ಬರ ಮಾತೆಂದು. ಚೌಕಗಳನ್ನು ಜನಪ್ರಿಯಗೊಳಿಸಿದ್ದು 1989ರಲ್ಲಿ ಬಂದ ಸ್ಟೀಫನ್ ಕೋವಿಯವರ ಪುಸ್ತಕ. ಅದರ ಓದುಗರಲ್ಲಿ ಕೈಕೆಳಗೆ ಜನ ಇರುವವರೂ ಇದ್ದರು. ಆಫೀಸಿಗೆ ಮೊನ್ನೆ ಸೇರಿದವಳು ಯಾರಿಗೆ ವಹಿಸಬೇಕು?

ಅವಳಿಗೆ ಇರುವುದು ಬೇರೆ ದಾರಿ: ಕೆಲಸದ ಮೇಲೆ ಕೆಲಸ ಬಿದ್ದಾಗ ಎರಡನ್ನೂ ಹೇಳಿದವರ ಮುಂದಿಡುವುದು. “ಸರ್, ಮಧ್ಯಾಹ್ನದೊಳಗೆ ಬಟವಾಡೆ ಲೆಕ್ಕ ಕೊಡ್ಬೇಕು. ಬಿಲ್ಲು ಹುಡುಕೋಕೆ ಅರ್ಧ ಗಂಟೆ ಬೇಕು. ಯಾವ್ದು ಮೊದ್ಲು ಮಾಡ್ಲಿ?” ಇದು ಎದುರು ಮಾತಲ್ಲ. ತೋಟದಲ್ಲಿರುವ ಸಾಹುಕಾರರಿಗೆ ಮೇಜಿನ ಮೇಲಿನ ಇನ್ನೊಂದು ಕೆಲಸ ಕಾಣುವುದಿಲ್ಲ, ಅದನ್ನು ಕಾಣಿಸಿದಂತೆ. ಕಾಫಿ ಮಾರುವ ರೇಟಿನಂಥ ವಿಷಯವಂತೂ ಅವಳ ತೀರ್ಮಾನವೇ ಅಲ್ಲ. ವ್ಯಾಪಾರಿ ಕೇಳಿದ್ದನ್ನು ಬರೆದು ಸಾಹುಕಾರರಿಗೆ ಮುಟ್ಟಿಸಿದರೆ ಆಯಿತು.

“ಬೆಳಿಗ್ಗೆ ಒಮ್ಮೆ ವಿಂಗಡಿಸಿದರೆ ದಿನವಿಡೀ ನಡೆಯುತ್ತದೆ”

ಮೂರು ಗಂಟೆಗೆ ದೇವರಮನೆ ಕಡೆಯಿಂದ ಮೋಡ ಇಳಿಯಿತು ಎನ್ನಿ. ಪಟ್ಟಿಯಲ್ಲೇ ಇಲ್ಲದ ಕೆಲಸ ಈಗ ಮೊದಲಿಗೆ ಬರುತ್ತದೆ: ಕಣದ ಹಣ್ಣು ರಾಶಿ ಮಾಡಿ ಟಾರ್ಪಾಲು ಮುಚ್ಚಿಸುವುದು. ನೆನೆದರೆ ಬೂಸ್ಟು ಬರುತ್ತದೆ, ಗುಣ ಕೆಡುತ್ತದೆ. ಮಳೆ ನಿಂತ ಮೇಲೂ ಪಟ್ಟಿ ಮೊದಲಿನಂತೆ ಉಳಿಯುವುದಿಲ್ಲ. ಮೊಗ್ಗು ಅರಳಲು ಸಾಲದಷ್ಟು ತೆಳ್ಳಗೆ ಮಳೆ ಬಿದ್ದಿದ್ದರೆ, ಕೊರತೆಯ ನೀರನ್ನು ಸ್ಪ್ರಿಂಕ್ಲರಿನಿಂದ ಕೂಡಲೇ ಕೊಡಬೇಕಾಗಬಹುದು. ಹಾಗಾದಾಗ 25 ಎಂಬ ದಿನಾಂಕವೇ ಕುಸಿಯುತ್ತದೆ. ಅದರ ಬೆನ್ನಿಗೆ 20, 17, 12 ಎಲ್ಲ. ಆದ್ದರಿಂದ ಸಂಜೆ ಆಫೀಸು ಬಿಡುವ ಮುಂಚೆ ಮಳೆಮಾಪಕದ ಅಂಕಿ ಬರೆದುಕೊಂಡು, ರೈಟರನ್ನು ಕೇಳಿ, “ಕೊನೆಯ ಗಂಟೆ”ಯ ಸಾಲನ್ನು ಮತ್ತೆ ತಿದ್ದಬೇಕು. ಬುಧವಾರಕ್ಕಿದ್ದ ಪೈಪಿನ ಚೀಟಿ ಆಗ ಮಂಗಳವಾರ ಬೆಳಗಿನ ಮೊದಲ ಕೆಲಸ, ಬಟವಾಡೆಗೆ ಮುಂಚೆ.